ಕೆಮ್ಮು, ಟಿಬಿ ಮತ್ತು ಹದಿಮೂರು ಪದ: ಜನ ತುಂಬಿದ ಮಾರುಕಟ್ಟೆಗೆ ಪೋಸ್ಟರ್ ಬರೆಯುವ ಬಗೆ

“ಟಿಬಿ ಬಗ್ಗೆ ಮಾರುಕಟ್ಟೆಯಲ್ಲಿ ಹಾಕಲು ನಾಲ್ಕು ಸಾಲು ಬೇಕು, ಏನು ಬರೆಯಲಿ?” ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಸಾಮಾನ್ಯವಾಗಿ ತಮ್ಮ ಕರಡನ್ನೂ ಜೊತೆಗೇ ಕಳಿಸುತ್ತಾರೆ. ನಾಲ್ಕು ಸಾಲು ಎಂದದ್ದು ಅಲ್ಲಿ ಇಪ್ಪತ್ತು ಸಾಲಾಗಿರುತ್ತದೆ. ಅದರಲ್ಲಿ ರೋಗಾಣುವಿನ ಹೆಸರಿದೆ, ಲಕ್ಷಣಗಳ ಪಟ್ಟಿಯಿದೆ, ಪೌಷ್ಟಿಕ ಆಹಾರದ ಸಲಹೆಯಿದೆ, ಕೊನೆಗೊಂದು ಘೋಷಣೆಯೂ ಇದೆ. ಒಂದೊಂದೂ ಸರಿಯಾದ ಮಾತೇ. ಆದರೆ ಕೈಯಲ್ಲಿ ಚೀಲ ಹಿಡಿದು ನೂಕುನುಗ್ಗಲಿನಲ್ಲಿ ನಡೆಯುವವರು ಅದರಲ್ಲಿ ಒಂದನ್ನೂ ಓದುವುದಿಲ್ಲ.

ಹಾಗಾಗಿ ಒಂದು ಮಾರುಕಟ್ಟೆಯನ್ನು ಕಣ್ಣ ಮುಂದಿಟ್ಟುಕೊಂಡು, ಕರಡಿನಿಂದ ಗೋಡೆಯವರೆಗೆ ಹಂತಹಂತವಾಗಿ ಬರೆದು ತೋರಿಸುತ್ತೇನೆ. ಆ ಮಾರುಕಟ್ಟೆಗೆ ಒಂದು ಮುಂಬಾಗಿಲು, ಒಂದು ಹಿಂಬಾಗಿಲು. ಒಳಗೆ ನೀರಿನ ನಲ್ಲಿಯ ಹತ್ತಿರ ಜನ ಸಾಲು ನಿಲ್ಲುವ ಜಾಗವಿದೆ. ಹಿಂಬಾಗಿಲ ಬಳಿ ಆರೋಗ್ಯ ಕಾರ್ಯಕರ್ತರು ನೀಲಿ ಬಟ್ಟೆ ಹಾಸಿದ ಮೇಜು ಇಟ್ಟು, ಕಫದ ಡಬ್ಬಿ ಕೊಟ್ಟು, ಮರುದಿನ ವಾಪಸು ಪಡೆಯುತ್ತಾರೆ ಎಂದುಕೊಳ್ಳಿ.

ಬರೆಯುವ ಮೊದಲು ಕೈಯಲ್ಲಿರಬೇಕಾದದ್ದು

ಮೂರು ಸಂಗತಿ ಖಚಿತವಾಗಿ ಗೊತ್ತಿರಬೇಕು: ಕಫ ಪರೀಕ್ಷೆ ಎಲ್ಲಿ ಆಗುತ್ತದೆ, ಯಾವ ದಿನ ಯಾವ ಹೊತ್ತಿನಲ್ಲಿ ಆಗುತ್ತದೆ, ಅದಕ್ಕೆ ದುಡ್ಡು ಕೊಡಬೇಕೇ. “ಹತ್ತಿರದ ಆಸ್ಪತ್ರೆಗೆ ಹೋಗಿ” ಎಂದು ಬರೆಯುವುದು ಈ ಮೂರೂ ಗೊತ್ತಿಲ್ಲದವರ ಅಡ್ಡದಾರಿ. ಉಚಿತವೆಂದು ಕೇಳಿ ತಿಳಿದುಕೊಂಡ ಮೇಲೆಯೇ “ಉಚಿತ” ಎಂದು ಬರೆಯಿರಿ. ಪೋಸ್ಟರ್ ನಂಬಿ ಹೋದವರಿಂದ ಅಲ್ಲಿ ದುಡ್ಡು ಕೇಳಿದರೆ, ಮುಂದಿನ ಪೋಸ್ಟರನ್ನು ಯಾರೂ ನಂಬುವುದಿಲ್ಲ.

ಹಂತ 1: ಪೋಸ್ಟರಿಗೆ ಒಂದೇ ಕೆಲಸ ಕೊಡಿ

ಟಿಬಿ ಎಂದರೆ ಕ್ಷಯ. ಒಂದು ಬ್ಯಾಕ್ಟೀರಿಯಾದಿಂದ ಬರುವ, ಹೆಚ್ಚಾಗಿ ಶ್ವಾಸಕೋಶಕ್ಕೆ ತಗಲುವ ಕಾಯಿಲೆ. ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ದಿನ ಬಿಡದ ಕೆಮ್ಮು ಇದ್ದರೆ ಟಿಬಿ ಪರೀಕ್ಷೆ ಮಾಡಿಸಬೇಕು ಎಂಬುದು ಬಹುಪಾಲು ಕಡೆ ಒಪ್ಪಿಕೊಂಡ ಅಳತೆ. ನೆಗಡಿಯ ಕೆಮ್ಮು ಸಾಮಾನ್ಯವಾಗಿ ಅಷ್ಟರಲ್ಲಿ ಇಳಿಮುಖವಾಗಿರುತ್ತದೆ. ಇಳಿಯದೆ ಉಳಿದ ಕೆಮ್ಮುಗಳಿಗೆ ಬೇರೆ ಕಾರಣಗಳೂ ಇರುತ್ತವೆ: ಅಸ್ತಮಾ, ಬೀಡಿ ಸಿಗರೇಟು, ಇನ್ನೊಂದು ಸೋಂಕು. ಹಾಗಾಗಿ ಕೆಮ್ಮು ಇದ್ದ ಮಾತ್ರಕ್ಕೆ ಟಿಬಿ ಎಂದು ಹೇಳುವಂತಿಲ್ಲ. ಕಫ ನೋಡಬೇಕು.

ಆದ್ದರಿಂದ ಪೋಸ್ಟರಿನ ಕೆಲಸ ಇಷ್ಟೇ: ಎರಡು ವಾರದಿಂದ ಕೆಮ್ಮುತ್ತಿರುವವರು ಆ ಮೇಜಿನವರೆಗೆ ನಡೆಯಬೇಕು. ಟಿಬಿ ಏನೆಂದು ಕಲಿಸುವುದು ಮೇಜಿನಲ್ಲಿ ಕೂತವರ ಕೆಲಸ. ಎಷ್ಟು ತಿಂಗಳು ಮಾತ್ರೆ ಎಂಬುದೂ ಇಲ್ಲಿ ಬೇಡ. ಸಾಮಾನ್ಯ ಟಿಬಿಗೆ ಹೆಚ್ಚಾಗಿ ಆರು ತಿಂಗಳ ಚಿಕಿತ್ಸೆ ಇರುತ್ತದೆ. ಇನ್ನೂ ಕಫವನ್ನೇ ಕೊಡದವರಿಗೆ ಅದನ್ನು ಮೊದಲೇ ಹೇಳಿದರೆ ಅವರು ತಮ್ಮ ಅಂಗಡಿ, ಕೂಲಿ, ಮನೆ ಎಂದು ಲೆಕ್ಕ ಹಾಕುತ್ತಾ ನಿಲ್ಲುತ್ತಾರೆ.

ಇನ್ನೊಂದನ್ನೂ ಬಿಡಿ. “ಜನಜಂಗುಳಿಯಲ್ಲಿ ಟಿಬಿ ಹರಡುತ್ತದೆ, ಎಚ್ಚರ!” ಎಂಬ ಸಾಲು ಹಲವು ಕರಡುಗಳಲ್ಲಿ ಇರುತ್ತದೆ. ಟಿಬಿ ಗಾಳಿಯಿಂದ ಹರಡುವುದು ನಿಜ. ಆದರೆ ಹೆಚ್ಚಾಗಿ ಹರಡುವುದು ಗಾಳಿಯಾಡದ ಜಾಗದಲ್ಲಿ ಬಹಳ ಹೊತ್ತು ಜೊತೆಗಿದ್ದಾಗ: ಒಂದೇ ಕೋಣೆಯಲ್ಲಿ ಮಲಗುವವರು, ಮುಚ್ಚಿದ ಕೆಲಸದ ಮನೆಯಲ್ಲಿ ದಿನವಿಡೀ ಕೂರುವವರು. ಪಕ್ಕದಲ್ಲಿ ಹಾದು ಹೋದವರಿಂದ ಬರುವ ಸಾಧ್ಯತೆ ಅದಕ್ಕೆ ಹೋಲಿಸಿದರೆ ತೀರಾ ಕಡಿಮೆ. ನಾವು ಮಾರುಕಟ್ಟೆಯಲ್ಲಿ ಪೋಸ್ಟರ್ ಹಾಕುವುದು ಅಲ್ಲಿ ಜನ ಸಿಗುತ್ತಾರೆಂದು. ಆ ಜಾಗ ಅಪಾಯದ್ದು ಎಂದು ಬರೆದರೆ ವ್ಯಾಪಾರಿಗಳು ಪೋಸ್ಟರನ್ನು ಅದೇ ಸಂಜೆ ಕಿತ್ತು ಹಾಕುತ್ತಾರೆ. ತಪ್ಪು ಅವರದಲ್ಲ.

ಹಂತ 2: ಕ್ರಿಯಾಪದವನ್ನು ಮುಂದಕ್ಕೆ ತನ್ನಿ

ಸಾಮಾನ್ಯವಾಗಿ ಬರುವ ಕರಡು ಹೀಗಿರುತ್ತದೆ:

> ಎರಡು ವಾರ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಕೆಮ್ಮು ಕ್ಷಯರೋಗದ ಲಕ್ಷಣವಾಗಿರುವ ಸಾಧ್ಯತೆಯಿರುವುದರಿಂದ ಸಾರ್ವಜನಿಕರು ನಿರ್ಲಕ್ಷಿಸದೆ ಕೂಡಲೇ ಹತ್ತಿರದ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ ಉಚಿತ ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕಾಗಿ ವಿನಂತಿ.

ಇಪ್ಪತ್ತೆರಡು ಪದ, ಒಂದು ವಾಕ್ಯ. ಉದ್ದ ಒಂದೇ ಇಲ್ಲಿನ ತೊಂದರೆಯಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಏನು ಮಾಡಬೇಕು ಎಂಬುದು ತಿಳಿಯಲು ವಾಕ್ಯದ ತುದಿಯವರೆಗೆ ಹೋಗಬೇಕು. ಅಷ್ಟರಲ್ಲಿ ಓದುವವರು ಮುಂದಿನ ಅಂಗಡಿಯ ಹತ್ತಿರ ಇರುತ್ತಾರೆ. ವಾಕ್ಯವನ್ನು ತುಂಡು ಮಾಡಿದರೆ ಪ್ರತಿ ತುಂಡಿಗೂ ಒಂದು ಕ್ರಿಯಾಪದ ಬೇಗ ಸಿಗುತ್ತದೆ. ಚಿಕ್ಕ ವಾಕ್ಯ ಕನ್ನಡ ಪೋಸ್ಟರಿಗೆ ಬೇಕಾಗುವುದು ಇದಕ್ಕೇ.

ತುಂಡು ಮಾಡುವಾಗ ಕೆಲವು ಪದಗಳನ್ನು ಬದಲಿಸಿ. “ಅವಧಿಯ ಕೆಮ್ಮು” ಎಂದು ಯಾರೂ ಮಾತಾಡುವುದಿಲ್ಲ. “ಸಾರ್ವಜನಿಕರು” ಎಂದರೆ ತಾನಲ್ಲ, ಬೇರೆ ಯಾರೋ ಎಂದು ಎಲ್ಲರಿಗೂ ಅನಿಸುತ್ತದೆ. “ಸಂಪರ್ಕಿಸಿ” ಎಂದರೆ ಫೋನ್ ಮಾಡಬೇಕೋ, ಹೋಗಬೇಕೋ ತಿಳಿಯದು. “ಕ್ಷಯ” ಸರಿಯಾದ ಪದವೇ, ಆದರೆ “ಟಿಬಿ” ಚಿಕ್ಕದು, ಓದು ಕಡಿಮೆ ಇರುವವರಿಗೂ ಕೇಳಿ ಗೊತ್ತಿರುವುದು. ಎರಡನ್ನೂ ಒಂದೇ ಪೋಸ್ಟರಿನಲ್ಲಿ ಹಾಕಬೇಡಿ. ಎರಡು ಬೇರೆ ಕಾಯಿಲೆ ಎಂದುಕೊಳ್ಳುವವರು ಇರುತ್ತಾರೆ.

ಮುಂಬಾಗಿಲಿನ ಪೋಸ್ಟರ್ ಈಗ ಹೀಗಾಗುತ್ತದೆ:

> ಕೆಮ್ಮು ಬಂದು ಎರಡು ವಾರವಾಯಿತೇ?
> ಟಿಬಿ ಇರಬಹುದು.
> ಕಫ ಪರೀಕ್ಷೆ ಮಾಡಿಸಿ.
> ಹಿಂಬಾಗಿಲ ಬಳಿ ನೀಲಿ ಮೇಜು.

ಹದಿಮೂರು ಪದ. “ಇರಬಹುದು” ಎಂಬುದನ್ನು ಯಾವ ಕಾರಣಕ್ಕೂ “ಇದೆ” ಮಾಡಬೇಡಿ. “ಪರೀಕ್ಷೆ ಉಚಿತ” ಎಂಬ ಎರಡು ಪದ ನಿಜವಾಗಿದ್ದರೆ ಮೂರನೆಯ ಸಾಲಿನ ಕೆಳಗೆ ಸೇರಿಸಿ. ಮೇಜಿಗೆ ನಿಗದಿತ ದಿನ, ಹೊತ್ತು ಇದ್ದರೆ ಕೊನೆಯ ಸಾಲಿನ ಕೆಳಗೆ ಅಂಕಿಯಲ್ಲಿ ಬರೆಯಿರಿ. ಅದಕ್ಕಿಂತ ಹೆಚ್ಚು ಬೇಡ.

ದೊಡ್ಡ ಅಕ್ಷರ ಯಾವ ಪದಕ್ಕೆ ಎಂಬುದರಲ್ಲಿ ನಾನೂ ಒಮ್ಮೆ ಎಡವಿದ್ದೇನೆ. “ಟಿಬಿ” ಎಂದು ಎರಡು ಗೇಣಿನ ಅಕ್ಷರದಲ್ಲಿ ಬರೆಸಿದ್ದೆ. ಅದರ ಮುಂದೆ ಯಾರೂ ನಿಲ್ಲಲಿಲ್ಲ. ನಿಂತರೆ “ಇವರಿಗೇ ಇರಬೇಕು” ಎಂದು ಅಕ್ಕಪಕ್ಕದವರು ನೋಡುತ್ತಾರಲ್ಲ! ಕೆಮ್ಮು ಎಲ್ಲರಿಗೂ ಬರುವಂಥದ್ದು. ಆ ಪದದ ಮುಂದೆ ನಿಲ್ಲಲು ಯಾರಿಗೂ ನಾಚಿಕೆಯಿಲ್ಲ. ಟಿಬಿ ಎಂಬ ಹೆಸರನ್ನು ಮುಚ್ಚಿಡುವುದೂ ಬೇಡ, ಎರಡನೆಯ ಸಾಲಿನಲ್ಲಿ ಸಾಧಾರಣ ಗಾತ್ರದಲ್ಲಿ ಇರಲಿ. ತಲೆಬುರುಡೆ, ಎಲುಬು ಕಾಣುವ ಎದೆಗೂಡು, ಕೆಂಪು ರಕ್ತದ ಚಿತ್ರ ಇವೆಲ್ಲ ಹೆದರಿಸುತ್ತವೆ. ಹೆದರಿದವರು ಮೇಜಿನ ಕಡೆಗೆ ಬರುವುದಿಲ್ಲ.

ಹಂತ 3: ನಿಂತು ಓದುವ ಜಾಗಕ್ಕೆ ಬೇರೆ ಪೋಸ್ಟರ್

ನೀರಿನ ಸಾಲಿನಲ್ಲಿ ನಿಂತವರಿಗೆ ಒಂದೆರಡು ನಿಮಿಷ ಇರುತ್ತದೆ. ಬಾಗಿಲಿನ ಪೋಸ್ಟರಿನಲ್ಲಿ ತುರುಕಲು ಆಗದ್ದಕ್ಕೆ ಇಲ್ಲಿ ಜಾಗವಿದೆ. ಆದರೂ ವಾಕ್ಯ ಚಿಕ್ಕದೇ ಇರಲಿ.

> ಎರಡು ವಾರದಿಂದ ಕೆಮ್ಮು ಇದೆಯೇ?
> ಸಂಜೆ ಜ್ವರ ಬರುತ್ತದೆಯೇ?
> ರಾತ್ರಿ ಮೈ ಬೆವರುತ್ತದೆಯೇ?
> ತೂಕ ಇಳಿದಿದೆಯೇ?
> ಒಂದಿದ್ದರೂ ಸಾಕು. ಮೇಜಿಗೆ ಬನ್ನಿ.
>
> ಕಫದಲ್ಲಿ ರಕ್ತ ಕಂಡಿತೇ?
> ಎರಡು ವಾರ ಕಾಯಬೇಡಿ. ಇವತ್ತೇ ಆಸ್ಪತ್ರೆಗೆ ಹೋಗಿ.
>
> ಮನೆಯಲ್ಲಿ ಯಾರಿಗಾದರೂ ಟಿಬಿ ಇದೆಯೇ?
> ನೀವೂ ಪರೀಕ್ಷೆ ಮಾಡಿಸಿ.
>
> ಕೈ ಕುಲುಕಬಹುದು.
> ಜೊತೆಗೆ ಊಟ ಮಾಡಬಹುದು.
> ಕೆಮ್ಮುವಾಗ ಬಾಯಿ ಮುಚ್ಚಿ.
>
> ಟಿಬಿಗೆ ಔಷಧಿ ಇದೆ.
> ಪೂರ್ತಿ ತೆಗೆದುಕೊಳ್ಳಿ. ವಾಸಿಯಾಗುತ್ತದೆ.

“ಒಂದಿದ್ದರೂ ಸಾಕು” ಎಂಬ ಸಾಲು ಮುಖ್ಯ. ಅದಿಲ್ಲದಿದ್ದರೆ ಜನ ಲಕ್ಷಣಗಳನ್ನು ಎಣಿಸಿ, “ನನಗೆ ಬೆವರುವುದಿಲ್ಲ, ಹಾಗಾದರೆ ಟಿಬಿಯಲ್ಲ” ಎಂದು ತೀರ್ಮಾನಿಸುತ್ತಾರೆ. ಕೆಮ್ಮೇ ಇಲ್ಲದ ಟಿಬಿಯೂ ಉಂಟು. ಆದ್ದರಿಂದ “ಕೆಮ್ಮಿಲ್ಲವೇ? ನಿಶ್ಚಿಂತೆಯಿಂದಿರಿ” ಎಂಬಂಥ ಮಾತು ಎಲ್ಲಿಯೂ ನುಸುಳಬಾರದು.

“ಕೈ ಕುಲುಕಬಹುದು” ಎಂದು ಯಾಕೆ ಬರೆದೆ? ಮೊದಲ ಕರಡಿನಲ್ಲಿ “ಕೈ ಮುಟ್ಟಿದರೆ ಟಿಬಿ ಹರಡುವುದಿಲ್ಲ” ಎಂದಿತ್ತು. ಕನ್ನಡದಲ್ಲಿ “ಇಲ್ಲ” ಎಂಬುದು ಪದದ ಬಾಲದಲ್ಲಿ ಕೂತಿರುತ್ತದೆ. ಅರ್ಧ ಓದಿದವರ ತಲೆಯಲ್ಲಿ “ಕೈ ಮುಟ್ಟಿದರೆ ಟಿಬಿ ಹರಡು…” ಎಂಬಷ್ಟೇ ಉಳಿಯುತ್ತದೆ. ಬೇಕಾದದ್ದಕ್ಕೆ ಪೂರ್ತಿ ತಿರುಗುಮುರುಗು! ಬೇಡದ್ದನ್ನು ಅಲ್ಲಗಳೆಯುವ ಬದಲು, ಮಾಡಬಹುದಾದದ್ದನ್ನು ಹೇಳಿ.

“ಉಗುಳಬೇಡಿ” ಎಂಬ ಸಾಲನ್ನು ನಾನು ಸೇರಿಸಿಲ್ಲ, ಇದಕ್ಕೆ ಆಕ್ಷೇಪಣೆ ಬರುತ್ತದೆಂದು ಗೊತ್ತು. ಕಂಡಲ್ಲಿ ಉಗುಳುವುದು ಕೊಳಕು, ನಿಲ್ಲಬೇಕು, ಒಪ್ಪಿದೆ. ಆದರೆ ಟಿಬಿ ಹರಡುವ ಮುಖ್ಯ ದಾರಿ ನೆಲಕ್ಕೆ ಬಿದ್ದ ಉಗುಳಲ್ಲ. ಕೆಮ್ಮಿದಾಗ, ಮಾತಾಡಿದಾಗ ಹೊರಬಿದ್ದು ಗಾಳಿಯಲ್ಲಿ ತೇಲುವ ತೀರಾ ಸಣ್ಣ ಹನಿಗಳು. ಟಿಬಿ ಪೋಸ್ಟರಿನಲ್ಲಿ ಉಗುಳನ್ನು ದೊಡ್ಡದು ಮಾಡಿದರೆ, ಉಗುಳದವರು ತಮ್ಮಿಂದ ಏನೂ ಹರಡುವುದಿಲ್ಲ ಎಂದು ಮುಚ್ಚಿದ ಕೋಣೆಯಲ್ಲಿ ಕೆಮ್ಮುತ್ತಾ ಇರುತ್ತಾರೆ. ಸ್ವಚ್ಛತೆಗೆ ಬೇರೆ ಪೋಸ್ಟರ್ ಹಾಕಿ.

ಸಿರಪ್ಪಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಬಿಡದ ಕೆಮ್ಮಿಗೆ ಅನೇಕರು ಮೊದಲು ಮಾಡುವುದು ಅಂಗಡಿಯಿಂದ ಒಂದು ಬಾಟಲಿ ಸಿರಪ್ ತರುವುದು. ಅದು ಮುಗಿಯಿತೆಂದರೆ ಇನ್ನೊಂದು. ಕೆಲವೊಮ್ಮೆ ಜೊತೆಗೆ ಒಂದಿಷ್ಟು ಆಂಟಿಬಯಾಟಿಕ್ ಮಾತ್ರೆ, ಅಂದರೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ. ಅವುಗಳಲ್ಲಿ ಫ್ಲೋರೋಕ್ವಿನೊಲೋನ್ ಎಂಬ ಗುಂಪಿನವು ಟಿಬಿ ಬ್ಯಾಕ್ಟೀರಿಯಾದ ಮೇಲೂ ಸ್ವಲ್ಪ ಕೆಲಸ ಮಾಡುತ್ತವೆ. ಕೆಮ್ಮು ಕೆಲವು ದಿನ ತಗ್ಗುತ್ತದೆ, ಕಫದಲ್ಲಿ ರೋಗಾಣು ಸಿಗದೆ ಹೋಗಬಹುದು, ಕಾಯಿಲೆ ಒಳಗೇ ಉಳಿದು ಮತ್ತೆ ತಲೆ ಎತ್ತುತ್ತದೆ. ಹೀಗೆ ತಿಂಗಳುಗಳು ಕಳೆಯುತ್ತವೆ. ಔಷಧಿ ಅಂಗಡಿಯವರು ಒಪ್ಪಿದರೆ, ಅವರ ಮುಂಗಟ್ಟಿನಲ್ಲಿ ಮೂರು ಸಾಲಿನ ಒಂದು ಚೀಟಿ ಅಂಟಿಸಿ:

> ಎರಡನೇ ಬಾಟಲಿಯೇ?
> ಮೊದಲು ಕಫ ಪರೀಕ್ಷೆ.
> ಹಿಂಬಾಗಿಲ ಬಳಿ ನೀಲಿ ಮೇಜು.

ನನ್ನ ಮಟ್ಟಿಗೆ ಇಡೀ ಮಾರುಕಟ್ಟೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಪೋಸ್ಟರಿಗೆ ಇಲ್ಲ.

ಹಂತ 4: ಡಬ್ಬಿಯ ಜೊತೆಗೆ ಕೊಡುವ ಚೀಟಿ

ಪೋಸ್ಟರ್ ಗೆದ್ದು ಚೀಟಿ ಸೋತರೆ ಏನೂ ಆಗದು. ಮೇಜಿನಲ್ಲಿ ಡಬ್ಬಿ ಪಡೆದವರು ಮರುದಿನ ಅದರಲ್ಲಿ ಎಂಜಲು ತಂದುಕೊಟ್ಟರೆ, ಟಿಬಿ ಇದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು. ಕಫ ಎದೆಯಿಂದ ಬರಬೇಕು. ಅದು ಮಂದವಾಗಿರುತ್ತದೆ. ಎಂಜಲು ನೀರುನೀರಾಗಿ, ನೊರೆಯಾಗಿ ಇರುತ್ತದೆ. ರಾತ್ರಿಯಿಡೀ ಎದೆಯಲ್ಲಿ ಕೂಡಿಕೊಂಡ ಕಫ ಬೆಳಗಿನ ಹೊತ್ತು ಚೆನ್ನಾಗಿ ಬರುತ್ತದೆ, ಆದ್ದರಿಂದ ಬೆಳಗಿನ ಕಫವನ್ನು ಕೇಳುವುದು. ಸುಮಾರು ಮೂರರಿಂದ ಐದು ಮಿಲಿಲೀಟರ್, ಅಂದರೆ ಒಂದು ಸಣ್ಣ ಚಮಚದಷ್ಟು.

> ಬೆಳಿಗ್ಗೆ ಎದ್ದ ಕೂಡಲೇ ಮಾಡಿ.
> ನೀರಲ್ಲಿ ಬಾಯಿ ಮುಕ್ಕಳಿಸಿ.
> ಗಾಳಿ ಆಡುವ ಕಡೆ ಒಬ್ಬರೇ ನಿಲ್ಲಿ.
> ಮೂರು ಸಲ ಆಳವಾಗಿ ಉಸಿರೆಳೆಯಿರಿ.
> ಎದೆಯಿಂದ ಕೆಮ್ಮಿ.
> ಬಂದ ಕಫ ಡಬ್ಬಿಗೆ ಹಾಕಿ.
> ಎಂಜಲು ಬೇಡ. ಕಫ ಬೇಕು.
> ಸಣ್ಣ ಚಮಚದಷ್ಟು ಸಾಕು.
> ಮುಚ್ಚಳ ಬಿಗಿ ಮಾಡಿ. ಕೈ ತೊಳೆಯಿರಿ.
> ಅದೇ ದಿನ ತಂದುಕೊಡಿ.

ಮೂರನೆಯ ಸಾಲಿನಲ್ಲಿ ಮೊದಲು “ಬಯಲಿಗೆ ಹೋಗಿ” ಎಂದು ಬರೆದು, ಓದಿ ನೋಡಿ, ನಗುತ್ತಾ ಹೊಡೆದು ಹಾಕಿದೆ. ಆ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥ ಮೊದಲೇ ಇದೆ! ಆದರೆ ತೆರೆದ ಜಾಗ ಬೇಕೇ ಬೇಕು. ಕಫ ತೆಗೆಯಲು ಜೋರಾಗಿ ಕೆಮ್ಮುವ ಹೊತ್ತಿನಲ್ಲೇ ಗಾಳಿಗೆ ಹೆಚ್ಚು ರೋಗಾಣು ಸೇರುತ್ತದೆ. ಮುಚ್ಚಿದ ಬಚ್ಚಲಲ್ಲೋ ಶೌಚಾಲಯದಲ್ಲೋ ಕೆಮ್ಮಿದರೆ, ಆಮೇಲೆ ಅಲ್ಲಿಗೆ ಹೋದವರು ಅದೇ ಗಾಳಿಯನ್ನು ಉಸಿರಾಡುತ್ತಾರೆ. ಮೇಜಿನ ಹತ್ತಿರವೇ ಕಫ ಕೊಡಿ ಎನ್ನುವವರೂ ಅದಕ್ಕೆ ಹೊರಗೆ ಒಂದು ಜಾಗ ಗೊತ್ತು ಮಾಡಲಿ.

ಮೇಜಿನವರಿಗೆ ಒಂದು ಮಾತು: ಹೆಸರನ್ನು ಡಬ್ಬಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ. ಪ್ರಯೋಗಾಲಯದಲ್ಲಿ ಮುಚ್ಚಳಗಳು ಅದಲುಬದಲಾದರೆ ಒಬ್ಬರ ಟಿಬಿ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.

ಹಂತ 5: ಅಕ್ಷರದ ಗಾತ್ರ

ಫಲಕ ಬರೆಯುವವರ ರೂಢಿಯ ಲೆಕ್ಕದಲ್ಲಿ, ಮೂರು ಮೀಟರ್ ದೂರಕ್ಕೆ ಸುಮಾರು 25 ಮಿಲಿಮೀಟರ್ ಎತ್ತರದ ಅಕ್ಷರ ಬೇಕು. ಬಾಗಿಲಿನ ಪೋಸ್ಟರ್ ಎಂಟು ಮೀಟರ್ ದೂರದಿಂದ ಕಾಣಬೇಕಾದರೆ ಸುಮಾರು ಏಳು ಸೆಂಟಿಮೀಟರ್ ಆಯಿತು. ಕನ್ನಡಕ್ಕೆ ಈ ಎತ್ತರವನ್ನು ಒತ್ತಕ್ಷರ ಬಿಟ್ಟು ಅಳೆಯಿರಿ. “ಕೆಮ್ಮು” ಪದದಲ್ಲೇ ಕೆಳಗೆ ಒಂದು ಒತ್ತು ಇದೆ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತದ ಮೇಲೆ ಕೂರುತ್ತದೆ, ದೂರದಿಂದ ಎರಡೂ ಮಸಿಯ ಚುಕ್ಕೆಯಂತೆ ಕಾಣುತ್ತವೆ. ಪದ ತುಂಡಾಗಿ ಮುಂದಿನ ಸಾಲಿಗೆ ಹೋಗದಿರಲಿ. ತಲೆಯ ಎತ್ತರಕ್ಕಿಂತ ಮೇಲೆ ಅಂಟಿಸಿ, ಇಲ್ಲದಿದ್ದರೆ ಜನರ ತಲೆಗಳೇ ಅದನ್ನು ಮುಚ್ಚುತ್ತವೆ.

ಹಂತ 6: ಅಂಟಿಸುವ ಮೊದಲು ಐವರಿಗೆ ತೋರಿಸಿ

ಮಾರುಕಟ್ಟೆಗೆ ಬರುವವರಲ್ಲೇ ಐದು ಜನರನ್ನು ಆರಿಸಿ. ಪೋಸ್ಟರನ್ನು ಐದು ಸೆಕೆಂಡು ತೋರಿಸಿ, ಮಡಚಿ. “ಅರ್ಥವಾಯಿತೇ?” ಎಂದು ಕೇಳಬೇಡಿ. ಎಲ್ಲರೂ ಹೌದು ಎನ್ನುತ್ತಾರೆ. “ಇದು ಯಾರಿಗೆ? ಅವರು ಈಗ ಎಲ್ಲಿಗೆ ಹೋಗಬೇಕು?” ಎಂದು ಕೇಳಿ. ನೀಲಿ ಮೇಜು ಎಂಬ ಉತ್ತರ ನಾಲ್ವರಿಂದಲಾದರೂ ಬರದಿದ್ದರೆ ಬರಹ ತಿದ್ದಿ.

ಓದು ಬಾರದವರೂ ಆ ಐವರಲ್ಲಿ ಒಬ್ಬರಿರಲಿ. ಅವರಿಗೆ ಇನ್ನೊಬ್ಬರು ಓದಿ ಹೇಳಲಿ, ನೀವು ಸುಮ್ಮನೆ ಕೇಳಿಸಿಕೊಳ್ಳಿ. ಓದುವವರು ಎಲ್ಲಿ ತಡವರಿಸುತ್ತಾರೋ ಆ ಪದ ಸರಿಯಿಲ್ಲ. ಹೀಗೆ ಬಾಯಲ್ಲಿ ಸಲೀಸಾಗಿ ಹರಿದ ಬರಹವನ್ನು ಧ್ವನಿವರ್ಧಕದಲ್ಲೂ ಹಾಗೆಯೇ ಕೂಗಿಸಬಹುದು.

ಹಂತ 7: ಹಾಕಿದ ಮೇಲೆ ಏನು ನೋಡಬೇಕು

ಮೇಜಿನಲ್ಲಿ ಒಂದು ಪುಸ್ತಕ ಇಟ್ಟು ಮೂರು ಲೆಕ್ಕ ಬರೆಯಿಸಿ: ಎಷ್ಟು ಜನ ಬಂದರು, ಯಾವುದನ್ನು ನೋಡಿ ಬಂದರು, ವಾಪಸು ಬಂದ ಡಬ್ಬಿಗಳಲ್ಲಿ ಎಷ್ಟರಲ್ಲಿ ನಿಜವಾದ ಕಫ ಇತ್ತು. ಜನವೇ ಬರದಿದ್ದರೆ ಪೋಸ್ಟರಿನ ಬರಹ ಅಥವಾ ಜಾಗ ತಪ್ಪಿದೆ. ಮೂರು ದಿನದ ಕೆಮ್ಮಿನವರೇ ಬರುತ್ತಿದ್ದರೆ “ಎರಡು ವಾರ” ಕಣ್ಣಿಗೆ ಬೀಳುತ್ತಿಲ್ಲ, ಅದನ್ನು ದೊಡ್ಡದು ಮಾಡಿ. ಡಬ್ಬಿ ತೆಗೆದುಕೊಂಡು ಹೋದವರು ಮರಳದಿದ್ದರೆ, ಮೇಜಿನ ಹೊತ್ತು ವ್ಯಾಪಾರಿಗಳಿಗೆ ಹೊಂದುತ್ತಿದೆಯೇ ನೋಡಿ. ಅಂಗಡಿ ತೆರೆದ ಮೇಲೆ ಅವರು ಎದ್ದು ಬರಲಾರರು. ಡಬ್ಬಿಯಲ್ಲಿ ಬರೀ ನೊರೆ ಬಂದರೆ ಪೋಸ್ಟರ್ ಮುಟ್ಟಬೇಡಿ, ಚೀಟಿಯನ್ನು ತಿದ್ದಿ.

ಪರೀಕ್ಷೆಯಲ್ಲಿ ಟಿಬಿ ಇಲ್ಲವೆಂದು ಬಂದವರಿಗೆ ಮೇಜಿನವರು ಬಾಯಿಮಾತಿನಲ್ಲಿ ಒಂದನ್ನು ಹೇಳಲೇಬೇಕು: “ಕೆಮ್ಮು ನಿಲ್ಲದಿದ್ದರೆ ವೈದ್ಯರ ಹತ್ತಿರ ಹೋಗಿ.” ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಸಾವಿರಾರು ರೋಗಾಣು ಇರಬೇಕು. ಅದಕ್ಕಿಂತ ಕಡಿಮೆ ಇದ್ದರೆ ತಪ್ಪಿಹೋಗುತ್ತದೆ. ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಯಂತ್ರದ ಪರೀಕ್ಷೆ ಅದಕ್ಕಿಂತ ಚುರುಕು, ಆದರೂ ಅದು ಕೂಡ ಎಲ್ಲವನ್ನೂ ಹಿಡಿಯುವುದಿಲ್ಲ.

ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಈ ರೋಗಾಣುವಿನ ಪತ್ತೆಯನ್ನು ಪ್ರಕಟಿಸಿದ ನೆನಪಿಗೆ ಆ ದಿನ ವಿಶ್ವ ಕ್ಷಯರೋಗ ದಿನ. ಬಹಳಷ್ಟು ಪೋಸ್ಟರುಗಳು ಅಂಟುವುದು ಆ ವಾರದಲ್ಲೇ. ಆಮೇಲೆ ಮೇಜು ಎದ್ದು ಹೋಗಿರುತ್ತದೆ, ಬಿಸಿಲಿಗೆ ಬಿಳಿಚಿದ ಕಾಗದ ಮಾತ್ರ ಜನರನ್ನು ಖಾಲಿ ಹಿಂಬಾಗಿಲಿಗೆ ಕಳಿಸುತ್ತಾ ಇರುತ್ತದೆ. ಪೋಸ್ಟರಿನ ಹಿಂಬದಿಯಲ್ಲಿ ತೆಗೆಯಬೇಕಾದ ದಿನಾಂಕವನ್ನೂ ತೆಗೆಯುವವರ ಹೆಸರನ್ನೂ ಪೆನ್ಸಿಲಿನಲ್ಲಿ ಬರೆದೇ ಅಂಟಿಸಿ.